ಒತ್ತಕ್ಷರ ಎಲ್ಲಿ ತಪ್ಪುತ್ತದೆ, ಕಳುಹಿಸುವ ಮುನ್ನ ಹೇಗೆ ಹಿಡಿಯಬೇಕು

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ‘ಕತ್ತಿ’ ಎಂಬ ಅಡ್ಡಹೆಸರಿನವರೂ ಇದ್ದಾರೆ, ‘ಕಟ್ಟಿ’ ಎಂಬ ಅಡ್ಡಹೆಸರಿನವರೂ ಇದ್ದಾರೆ. ಇಂಗ್ಲಿಷಿನಲ್ಲಿ ಇಬ್ಬರೂ ಬರೆದುಕೊಳ್ಳುವುದು `Katti` ಎಂದೇ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ಮೊಬೈಲ್ ಕೀಲಿಮಣೆಗೆ ಈ ಐದು ಅಕ್ಷರಗಳನ್ನು ಕೊಟ್ಟರೆ ಅದು ಎರಡರಲ್ಲಿ ಒಂದನ್ನು ತಾನೇ ಆರಿಸಿ ಮುಂದಿಡುತ್ತದೆ. ಯಾವುದು ಸರಿ ಎಂದು ತಿಳಿಯುವುದಕ್ಕೆ ಅದರ ಬಳಿ ಯಾವ ಆಧಾರವೂ ಇಲ್ಲ, ಏಕೆಂದರೆ ತ ಮತ್ತು ಟ ಬೇರೆ ಬೇರೆ ಎಂಬ ಸಂಗತಿ ಆ ಐದು ಅಕ್ಷರಗಳಲ್ಲಿ ಎಲ್ಲಿಯೂ ದಾಖಲಾಗಿಲ್ಲ. ಲಗ್ನಪತ್ರಿಕೆಯಲ್ಲಿಯೋ ಸಂಘದ ಸೂಚನೆಯಲ್ಲಿಯೋ ಒಂದು ಮನೆತನದ ಹೆಸರೇ ಬೇರೆಯಾಗಿಬಿಡಲು ಇಷ್ಟು ಸಾಕು.

ಈ ಲೇಖನದಲ್ಲಿ ಒತ್ತಕ್ಷರದ ತಪ್ಪುಗಳನ್ನು ಮಾತ್ರ ತೆಗೆದುಕೊಂಡಿದ್ದೇನೆ. ದೀರ್ಘ, ಹ್ರಸ್ವ, ವಿರಾಮಚಿಹ್ನೆಗಳ ವಿಚಾರ ಇಲ್ಲಿಲ್ಲ. ತಪ್ಪು ಯಾವ ಬಗೆಯಿಂದ ಹುಟ್ಟಿತು ಎಂದು ಗೊತ್ತಾದರೆ ಅದನ್ನು ಎಲ್ಲಿ ಹುಡುಕಬೇಕು ಎಂಬುದೂ ಗೊತ್ತಾಗುತ್ತದೆ. ಆದ್ದರಿಂದ ಮೊದಲು ಕಾರಣ, ಆಮೇಲೆ ತಿದ್ದುವ ಕ್ರಮ.

ಒತ್ತಕ್ಷರ ಒಳಗೆ ಹೇಗೆ ಕೂತಿರುತ್ತದೆ

ಫೋನು, ಕಂಪ್ಯೂಟರುಗಳು ಪ್ರತಿ ಅಕ್ಷರವನ್ನೂ ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಒತ್ತುಗಳಿಗೆ ಪ್ರತ್ಯೇಕ ಸ್ಥಾನವಿಲ್ಲ. ‘ಟ್ಟಿ’ ಎಂದು ನಮಗೆ ಕಾಣುವುದು ಒಳಗೆ ನಾಲ್ಕು ತುಂಡುಗಳಾಗಿ ಇರುತ್ತದೆ: ಟ, ಅದರ ಸ್ವರವನ್ನು ತೆಗೆದುಹಾಕುವ ಹಲಂತ ಚಿಹ್ನೆ, ಮತ್ತೊಂದು ಟ, ಕೊನೆಗೆ ಇಕಾರದ ಗುಡಿಸು. ತುಂಡುಗಳು ನಾವು ಉಚ್ಚರಿಸುವ ಕ್ರಮದಲ್ಲಿ ಒಂದರ ಹಿಂದೆ ಒಂದು ನಿಲ್ಲುತ್ತವೆ. ಎರಡನೆಯ ವ್ಯಂಜನವನ್ನು ಕೆಳಗಿಳಿಸಿ, ಗುಡಿಸನ್ನು ಮೇಲಿನ ಅಕ್ಷರಕ್ಕೆ ಏರಿಸಿ ತೋರಿಸುವ ಕೆಲಸ ಅಕ್ಷರಶೈಲಿಯದು. ‘ಅಧ್ಯಕ್ಷ’ ಎಂಬ ಪದವನ್ನು ಬಿಡಿಸಿದರೆ ಹೀಗಿರುತ್ತದೆ:

```
ಅ  ಧ  ್  ಯ  ಕ  ್  ಷ
```

ಅಂದರೆ ಕಣ್ಣಿಗೆ ಕಾಣುವ ಕ್ರಮ ಬೇರೆ, ಒಳಗೆ ಇರುವ ಕ್ರಮ ಬೇರೆ. ಹೆಚ್ಚಿನ ಒತ್ತುಗಳಲ್ಲಿ ಈ ವ್ಯತ್ಯಾಸ ನಮ್ಮನ್ನು ಕಾಡುವುದಿಲ್ಲ. ಅರ್ಕಾವತ್ತಿನಲ್ಲಿ ಮಾತ್ರ ಅದು ನಿಜವಾಗಿಯೂ ತೊಡಕು ತರುತ್ತದೆ. ‘ಕರ್ನಾಟಕ’ ಎನ್ನುವಾಗ ರ್ ಧ್ವನಿ ನಾ ಧ್ವನಿಗಿಂತ ಮೊದಲು ಬರುತ್ತದೆ, ಬರವಣಿಗೆಯಲ್ಲಿ ಅದರ ಗುರುತು ನಾ ಆದ ಮೇಲೆ ಕಾಣುತ್ತದೆ. ಕಣ್ಣಿಗೆ ಕಂಡಂತೆ ಬೆರಳಾಡಿಸಿದವರು ಕ, ನಾ, ರ್, ಟ, ಕ ಎಂದು ಒತ್ತುತ್ತಾರೆ. ಆಗ ರ್ ಮುಂದಿನ ಟ ಅಕ್ಷರಕ್ಕೆ ಅಂಟಿ ‘ಕನಾರ್ಟಕ’ ಆಗುತ್ತದೆ. ಕೆ.ಪಿ. ರಾವ್ ಅವರು ರೂಪಿಸಿದ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿಯೂ ಬಳಕೆಯಾಗುವ ಧ್ವನಿಯಾಧಾರಿತ ವಿನ್ಯಾಸದಲ್ಲಿ ಹಲಂತಕ್ಕೆ `f` ಕೀಲಿ ಇದೆ. ಅಲ್ಲಿ ಸರಿ ತಪ್ಪುಗಳ ನಡುವೆ ಇರುವ ಅಂತರ ಇಷ್ಟೇ:

```
krfnAqk   ಕರ್ನಾಟಕ
knArfqk   ಕನಾರ್ಟಕ
```

ಇದೇ ತಪ್ಪು ಇನ್ನೊಂದು ದಾರಿಯಿಂದಲೂ ಬರುತ್ತದೆ. ಯೂನಿಕೋಡಿಗೆ ಮುಂಚಿನ ಅಕ್ಷರಶೈಲಿಗಳಲ್ಲಿ ಅರ್ಕಾವತ್ತನ್ನು ಕಾಣುವ ಜಾಗದಲ್ಲಿಯೇ, ಅಂದರೆ ಅಕ್ಷರ ಆದ ಮೇಲೆ, ಸೇರಿಸಿಡುತ್ತಿದ್ದರು. ಆ ಹಳೆಯ ಕಡತವನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಪರಿವರ್ತಕವು ರ್ ಅನ್ನು ಒಂದು ಅಕ್ಷರ ಹಿಂದಕ್ಕೆ ಸರಿಸದಿದ್ದರೆ ಇಡೀ ಕಡತದಲ್ಲಿ ‘ಕನಾರ್ಟಕ’, ‘ವಾಷಿರ್ಕ’, ‘ಕತರ್ವ್ಯ’ಗಳು ತುಂಬಿಕೊಳ್ಳುತ್ತವೆ. ಕಳೆದ ವರ್ಷಗಳ ವರದಿಯಿಂದ ಒಂದು ಪ್ಯಾರಾ ನಕಲು ಮಾಡಿ ಈ ವರ್ಷದ ಸೂಚನೆಗೆ ಅಂಟಿಸುವವರು ಇದನ್ನು ಗಮನಿಸಬೇಕು, ಏಕೆಂದರೆ ತಾವು ಬೆರಳಿಟ್ಟು ಬರೆಯದ ತಪ್ಪನ್ನು ಯಾರೂ ಹುಡುಕಲು ಹೋಗುವುದಿಲ್ಲ.

ಇಂಗ್ಲಿಷ್ ಅಕ್ಷರದಿಂದ ಬರುವ ತಪ್ಪುಗಳು

`f` ಕೀಲಿಯ ವಿನ್ಯಾಸದಲ್ಲಿ ಒಂದೊಂದು ಕನ್ನಡ ಅಕ್ಷರಕ್ಕೆ ಒಂದೊಂದು ಕೀಲಿ ನಿಗದಿಯಾಗಿದೆ, ಹೀಗಾಗಿ ಅಲ್ಲಿ ತಪ್ಪಾದರೆ ಅದು ಬೆರಳಿನ ತಪ್ಪು. ಮೊಬೈಲಿನಲ್ಲಿ ಬಹಳ ಮಂದಿ ಬಳಸುವುದು ಅದನ್ನಲ್ಲ. ಅವರು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಪದ ಬರೆಯುತ್ತಾರೆ. ಕೀಲಿಮಣೆ ಆ ಅಕ್ಷರಗಳಿಗೆ ಹೊಂದಬಹುದಾದ ಕನ್ನಡ ಪದಗಳನ್ನು ತನ್ನ ಸಂಗ್ರಹದಿಂದ ಎತ್ತಿ, ಹೆಚ್ಚು ಬಳಕೆಯಲ್ಲಿರುವುದನ್ನು ಮುಂದೆ ನಿಲ್ಲಿಸುತ್ತದೆ. ನಾವು ಖಾಲಿ ಜಾಗದ ಕೀಲಿ ಒತ್ತಿದೊಡನೆ ಮುಂದೆ ನಿಂತಿದ್ದ ಪದ ಸಾಲಿಗೆ ಸೇರಿಬಿಡುತ್ತದೆ. ಇಲ್ಲಿ ನಡೆಯುವುದು ಲಿಪ್ಯಂತರಕ್ಕಿಂತ ಹೆಚ್ಚಾಗಿ ಊಹೆ.

ಊಹೆ ತಪ್ಪುವ ಮೊದಲ ಜಾಗ ಮೂರ್ಧನ್ಯ ಮತ್ತು ದಂತ್ಯ ಧ್ವನಿಗಳದು. ತ್ತ ಮತ್ತು ಟ್ಟ, ದ್ದ ಮತ್ತು ಡ್ಡ, ನ್ನ ಮತ್ತು ಣ್ಣ, ಲ್ಲ ಮತ್ತು ಳ್ಳ ಈ ನಾಲ್ಕು ಜೋಡಿಗಳಿಗೂ ಇಂಗ್ಲಿಷಿನಲ್ಲಿ ಒಂದೇ ಬರವಣಿಗೆ. `halli` ಎಂದರೆ ಹಳ್ಳಿಯೂ ಹೌದು, ಹಲ್ಲಿಯೂ ಹೌದು. `anna` ಎಂದರೆ ಅಣ್ಣ, ಅನ್ನ ಎರಡೂ ಆಗುತ್ತದೆ. `hatti` ಎಂದರೆ ಹೊಲದ ಹತ್ತಿ ಅಥವಾ ಕುರುಬರ ಹಟ್ಟಿ. ಇವುಗಳಲ್ಲಿ ಎರಡೂ ರೂಪಗಳು ನಿಘಂಟಿನಲ್ಲಿ ಇರುವುದರಿಂದ ಕಾಗುಣಿತ ಪರೀಕ್ಷಕದ ಕೆಂಪು ಗೆರೆ ಯಾವುದರ ಕೆಳಗೂ ಬೀಳುವುದಿಲ್ಲ. ಒತ್ತಕ್ಷರದ ತಪ್ಪುಗಳಲ್ಲಿ ನಾನು ಅತ್ಯಂತ ಅಪಾಯಕಾರಿ ಎಂದು ಎಣಿಸುವುದು ಇವುಗಳನ್ನೇ.

ಎರಡನೆಯದು ಮಹಾಪ್ರಾಣ. ನಮ್ಮ ಭಾಗದ ಆಡುಮಾತಿನಲ್ಲಿ ಧ, ಥ, ಛ ಮೊದಲಾದವು ಹಗುರಾಗಿಯೇ ಹೊರಡುತ್ತವೆ, ಆದ್ದರಿಂದ ಆಡಿದಂತೆ ಬರೆಯುವವರು `h` ಸೇರಿಸುವುದನ್ನು ಬಿಡುತ್ತಾರೆ. ಫಲವಾಗಿ ‘ಅದ್ಯಕ್ಷ’, ‘ಉಪಸ್ತಿತಿ’, ‘ಸ್ವಚ್ಚ’ ಬರುತ್ತವೆ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇದರಿಂದ ಹೆಚ್ಚು ನೋವಾಗುವುದು ‘ಭಾವಪೂರ್ಣ ಶ್ರದ್ಧಾಂಜಲಿ’ಯ ವಿಷಯದಲ್ಲಿ. ಅದು ‘ಭಾವಪೂರ್ನ ಶ್ರದ್ದಾಂಜಲಿ’ಯಾಗಿ ಹೋಗುತ್ತದೆ, ಎರಡು ಪದದಲ್ಲಿ ಎರಡು ಒತ್ತು ಕೆಟ್ಟಿರುತ್ತವೆ, ಓದುವವರು ಆ ಮನೆಯವರು. ತಪ್ಪು ರೂಪಗಳನ್ನೇ ಬಹಳ ಜನ ಬರೆಯುತ್ತಿರುವುದರಿಂದ ಕೀಲಿಮಣೆಯ ಸಂಗ್ರಹದಲ್ಲಿಯೂ ಅವು ಸೇರಿಕೊಂಡಿರುವುದುಂಟು. ಸಲಹೆಯ ಪಟ್ಟಿಯಲ್ಲಿ ಕಂಡಿತು ಎಂದ ಮಾತ್ರಕ್ಕೆ ಪದ ಸರಿ ಎಂದು ನಂಬಬಾರದು.

ಇದಕ್ಕೆ ಹತ್ತಿರದ್ದು ಋಕಾರದ ತೊಡಕು. ‘ಗೃ’ ಎಂಬಲ್ಲಿ ಕೆಳಗಿರುವುದು ಸ್ವರದ ಗುರುತು, ‘ಗ್ರ’ ಎಂಬಲ್ಲಿ ಕೆಳಗಿರುವುದು ರಕಾರದ ಒತ್ತು. ಎರಡೂ ಅಕ್ಷರದ ಅಡಿಯಲ್ಲಿ ಬಲಕ್ಕೆ ಇಳಿಯುವುದರಿಂದ ಸಣ್ಣ ಪರದೆಯಲ್ಲಿ ಬೇಗ ಗೊತ್ತಾಗುವುದಿಲ್ಲ. ‘ಗೃಹಪ್ರವೇಶ’ದ ಆಮಂತ್ರಣ ‘ಗ್ರಹಪ್ರವೇಶ’ವಾಗಿ ಊರೆಲ್ಲ ಹಂಚಿಕೆಯಾಗುವುದು ಹೀಗೆ. ಕೃಷಿ, ಕೃಷ್ಣಾ, ನೇತೃತ್ವ, ದೃಷ್ಟಿ ಎಂಬ ಪದಗಳಿಗೂ ಇದೇ ಎಚ್ಚರ ಬೇಕು.

ಮೂರನೆಯ ಕಾರಣ ನಮ್ಮ ಮೂರು ಜಿಲ್ಲೆಗಳಲ್ಲಿ ವಿಶೇಷವಾಗಿ ಕಾಡುವಂಥದು. ಈ ಭಾಗ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದಿಂದ ಊರುಗಳ, ಮನೆತನಗಳ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ನಡುವಿನ ಅಕಾರವನ್ನು ಬಿಡುವ ರೂಢಿ ಇದೆ. ಮರಾಠಿಯಲ್ಲಿ ಆ ಅಕಾರ ಉಚ್ಚಾರವಾಗುವುದಿಲ್ಲ, ಕನ್ನಡದಲ್ಲಿ ಆಗುತ್ತದೆ. `Kulkarni`, `Jamkhandi`, `Ramdurg`, `Banhatti`, `Bagalkot` ಎಂಬ ರೂಪಗಳು ಕಾಗದಪತ್ರಗಳಲ್ಲಿ ಇಂದಿಗೂ ಇವೆ. 2014ರ ನವೆಂಬರ್ 1ರಿಂದ ಬೆಳಗಾವಿ ಮತ್ತು ವಿಜಯಪುರದ ಇಂಗ್ಲಿಷ್ ಹೆಸರುಗಳು ಕನ್ನಡದ ಉಚ್ಚಾರಕ್ಕೆ ಹೊಂದಿಕೊಂಡವು, ಆದರೆ ಸಣ್ಣ ಊರುಗಳ ಹಾಗೂ ಅಡ್ಡಹೆಸರುಗಳ ಹಳೆಯ ಬರವಣಿಗೆ ಕೈಯಲ್ಲಿ ಕುಳಿತುಬಿಟ್ಟಿದೆ. ಆ ರೂಪವನ್ನು ಹಾಗೆಯೇ ಕೀಲಿಮಣೆಗೆ ಕೊಟ್ಟರೆ ಎರಡು ವ್ಯಂಜನಗಳ ನಡುವೆ ಸ್ವರವಿಲ್ಲ ಎಂದು ಅದು ತಿಳಿದು, ಕನ್ನಡದಲ್ಲಿ ಇಲ್ಲವೇ ಇಲ್ಲದ ಒತ್ತನ್ನು ಹುಟ್ಟಿಸಬಹುದು: ಕುಲ್ಕರ್ನಿ, ಜಮ್ಖಂಡಿ, ರಾಮ್ದುರ್ಗ, ಬಾಗಲ್ಕೋಟ್. ಕುಲಕರ್ಣಿ ಎಂಬ ಹೆಸರಿನಲ್ಲಿ ಬೇಕಾದ ಒತ್ತು ಒಂದೇ, ರ್ಣಿ ಮಾತ್ರ. ಬಂದಿರುವುದು ಎರಡು, ಅವೆರಡೂ ತಪ್ಪು.

ನಾಲ್ಕನೆಯದು ವ್ಯಂಜನದಲ್ಲಿ ಕೊನೆಗೊಳ್ಳುವ ಪರಭಾಷೆಯ ಪದಕ್ಕೆ ಕನ್ನಡದ ಪ್ರತ್ಯಯ ಹಚ್ಚುವಾಗ ಬರುತ್ತದೆ. ‘ಆಫೀಸ್’ ಎಂಬುದರ ಕೊನೆಯಲ್ಲಿ ಹಲಂತ ಇದೆ. ಅದರ ಹಿಂದೆಯೇ ‘ನಲ್ಲಿ’ ಸೇರಿಸಿದರೆ, ಹಲಂತದ ಮುಂದೆ ವ್ಯಂಜನ ಬಂದಿದ್ದರಿಂದ, ನ ಕೆಳಗಿಳಿದು ‘ಆಫೀಸ್ನಲ್ಲಿ’ ಆಗುತ್ತದೆ. ಇದನ್ನು ತಡೆಯಲು ಎರಡರ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಬೇಕು. ಯೂನಿಕೋಡಿನಲ್ಲಿ ಅದರ ಸಂಖ್ಯೆ `200C`, ಹೆಸರು `ZWNJ`. ಅದನ್ನು ಸೇರಿಸಿದರೆ ‘ಆಫೀಸ್‌ನಲ್ಲಿ’ ಎಂದು ಬಿಡಿಯಾಗಿ ನಿಲ್ಲುತ್ತದೆ.

ತಿದ್ದಬೇಕಾದ ಒಂದು ಸೂಚನೆ

ಈ ಲೇಖನಕ್ಕಾಗಿ ಒಂದು ಸೂಚನೆಯನ್ನು ಮಾದರಿಯಾಗಿ ಬರೆದಿದ್ದೇನೆ. ಋಕಾರದ್ದೊಂದನ್ನು ಬಿಟ್ಟರೆ ಮೇಲೆ ಹೇಳಿದ ಎಲ್ಲ ಬಗೆಯ ತಪ್ಪುಗಳೂ ಇದರಲ್ಲಿವೆ. ಮುಂದಕ್ಕೆ ಓದುವ ಮೊದಲು ಒಮ್ಮೆ ತಾವೇ ಹುಡುಕಿ ನೋಡಬೇಕು.

“ಬನ್ಹತ್ತಿಯ ನೇಕಾರರ ಸಂಘದ ವಾಷಿರ್ಕ ಸಭೆಯು ಅದ್ಯಕ್ಷರ ಉಪಸ್ತಿತಿಯಲ್ಲಿ ರವಿವಾರ ಮುಂಜಾನೆ ಹತ್ತು ಗಂಟೆಗೆ ಸಂಘದ ಆಫೀಸ್ನಲ್ಲಿ ಜರುಗುವುದು. ರಾಮ್ದುರ್ಗ ಮತ್ತು ಜಮ್ಖಂಡಿ ಕಡೆಯ ಹಲ್ಲಿಗಳಿಂದ ಬರುವ ಸದಸ್ಯರು ತಮ್ಮ ಮಗದ ಸಂಖ್ಯೆಯನ್ನು ಬರೆದು ತರಬೇಕು. ಬಣ್ಣದ ನೂಲಿನ ಬಾಕಿಯನ್ನು ಅಂದೇ ಕೊತ್ತು ರಸೀದಿ ಪಡೆಯಬೇಕು.”

ಬರೆದ ಕಿಟಕಿಯಲ್ಲಿಯೇ ತಿದ್ದಲು ಹೋಗಬಾರದು. ಅಲ್ಲಿ ಅಕ್ಷರ ಸಣ್ಣದು, ಕೀಲಿಮಣೆ ಅರ್ಧ ಪರದೆಯನ್ನು ತಿಂದಿರುತ್ತದೆ, ಕಳುಹಿಸುವ ಗುಂಡಿ ಬೆರಳಿನ ಪಕ್ಕದಲ್ಲಿಯೇ ಇರುತ್ತದೆ. ಬರಹವನ್ನು ನಕಲು ಮಾಡಿ ಟಿಪ್ಪಣಿ ಬರೆಯುವ ಆ್ಯಪ್‌ಗೆ ಹಾಕಿ, ಅಕ್ಷರದ ಗಾತ್ರವನ್ನು ಎಷ್ಟು ಸಾಧ್ಯವೋ ಅಷ್ಟು ಹಿಗ್ಗಿಸಬೇಕು. ದ ಒತ್ತಿಗೂ ಧ ಒತ್ತಿಗೂ ಇರುವ ವ್ಯತ್ಯಾಸ ಅಡಿಯ ಒಂದು ಸಣ್ಣ ಸೀಳು ಮಾತ್ರ. ಸಾಮಾನ್ಯ ಗಾತ್ರದಲ್ಲಿ ಅದನ್ನು ಕಂಡೆವು ಎಂದುಕೊಳ್ಳುತ್ತೇವೆಯೇ ಹೊರತು ನಿಜವಾಗಿ ಕಾಣುವುದಿಲ್ಲ.

ಮೊದಲ ಸುತ್ತು: ಹೆಸರುಗಳು

ಊರು, ವ್ಯಕ್ತಿ, ಮನೆತನ, ದೇವರು, ಸಂಸ್ಥೆ ಇವುಗಳ ಹೆಸರನ್ನು ಮಾತ್ರ ನೋಡಬೇಕು. ಇದನ್ನು ಮೊದಲಿಗೆ ಇಡಲು ಕಾರಣವಿದೆ. ಬೇರೆ ಪದಗಳಿಗೆ ನಿಘಂಟು ಇದೆ, ಹೆಸರುಗಳಿಗೆ ಅದನ್ನು ಇಟ್ಟುಕೊಂಡವರೇ ಪ್ರಮಾಣ. ಸೂಚನೆಯಲ್ಲಿ ಮೂರು ಹೆಸರುಗಳಿವೆ. ‘ಬನ್ಹತ್ತಿ’ಯಲ್ಲಿ ಎರಡು ತಪ್ಪು ಸೇರಿವೆ: ಬಿಟ್ಟುಹೋದ ಅಕಾರದಿಂದ ನ್ಹ ಎಂಬ ಒತ್ತು ಹುಟ್ಟಿದೆ, ಜೊತೆಗೆ ಟ್ಟಿ ಇರಬೇಕಾದಲ್ಲಿ ತ್ತಿ ಬಂದಿದೆ. ಸರಿಯಾದದ್ದು ಬನಹಟ್ಟಿ. ಉಳಿದೆರಡು ರಾಮದುರ್ಗ, ಜಮಖಂಡಿ. ಊರಿನ ಹೆಸರನ್ನು ಒಂದೊಂದು ಅಕ್ಷರಕ್ಕೂ ಸ್ವರ ಕೊಟ್ಟು ನಿಧಾನವಾಗಿ ಹೇಳಿದರೆ ಇಲ್ಲದ ಒತ್ತು ತಾನಾಗಿ ಗೊತ್ತಾಗುತ್ತದೆ. ಜ, ಮ, ಖಂ, ಡಿ ಎಂದು ಹೇಳುವವರ ಬಾಯಲ್ಲಿ ಮ್ಖ ಬರುವುದೇ ಇಲ್ಲ.

ವ್ಯಕ್ತಿಗಳ ಹೆಸರಿಗೆ ಈ ಉಪಾಯ ಸಾಲದು. ವಿಠ್ಠಲ ಎಂದು ಬರೆದುಕೊಳ್ಳುವವರಿದ್ದಾರೆ, ವಿಠಲ ಎಂದು ಬರೆದುಕೊಳ್ಳುವವರೂ ಇದ್ದಾರೆ. ಅಲ್ಲಿ ವ್ಯಾಕರಣವನ್ನು ಮುಂದೆ ಮಾಡದೆ, “ನಿಮ್ಮ ಹೆಸರು ಕನ್ನಡದಾಗ ಹೆಂಗ ಬರೀತೀರಿ, ಒಂದು ಸಲ ಬರದು ಕಳಸ್ರಿ” ಎಂದು ಕೇಳಿ ಅವರು ಕಳುಹಿಸಿದ ರೂಪವನ್ನೇ ನಕಲು ಮಾಡಿ ಅಂಟಿಸಬೇಕು. ಫೋನಿನಲ್ಲಿ ಕೇಳಿ ಬರೆದುಕೊಂಡರೆ ಕತ್ತಿಯೋ ಕಟ್ಟಿಯೋ ಎಂಬ ಅನುಮಾನ ಉಳಿದೇ ಉಳಿಯುತ್ತದೆ.

ಎರಡನೆಯ ಸುತ್ತು: ಅರ್ಕಾವತ್ತು

ಪ್ರತಿಯೊಂದು ಅರ್ಕಾವತ್ತಿನ ಮುಂದೆ ನಿಂತು, ಅದು ಯಾವ ಅಕ್ಷರದ ಬಲಕ್ಕಿದೆ ಎಂದು ನೋಡಬೇಕು. ಅದು ಯಾವ ಅಕ್ಷರದ ಬಲಕ್ಕಿದೆಯೋ ಆ ಅಕ್ಷರಕ್ಕಿಂತ ಮೊದಲು ರ್ ಧ್ವನಿ ಬರಬೇಕು. ಸೂಚನೆಯ ‘ವಾಷಿರ್ಕ’ದಲ್ಲಿ ಗುರುತು ಕ ಅಕ್ಷರದ ಬಲಕ್ಕಿದೆ, ಆದ್ದರಿಂದ ಅದನ್ನು ಓದಬೇಕಾದದ್ದು ವಾ, ಷಿ, ರ್, ಕ ಎಂದು. ನಾವು ಹೇಳುವುದು ವಾ, ರ್, ಷಿ, ಕ. ಹೀಗಾಗಿ ಗುರುತು ಷಿ ಅಕ್ಷರದ ಬಲಕ್ಕೆ ಬರಬೇಕಾಗಿತ್ತು. ತಪ್ಪಿದಾಗ ಅದು ಬಹುಮಟ್ಟಿಗೆ ಒಂದು ಅಕ್ಷರದಷ್ಟು ಬಲಕ್ಕೆ ಸರಿದಿರುತ್ತದೆ. ಪದದ ಕೊನೆಯ ಅಕ್ಷರದಲ್ಲಿ ತಪ್ಪಿದ್ದರೆ ಮುಂದೆ ಅಂಟಿಕೊಳ್ಳಲು ಅಕ್ಷರವಿಲ್ಲದೆ ರ್ ಪೂರ್ತಿಯಾಗಿ ಕಾಣುತ್ತದೆ. ‘ರಾಮದುಗರ್’ ಎಂದು ಕಂಡರೆ ಅದು ರಾಮದುರ್ಗ.

ಸಂಶಯ ಬಂದರೆ ತೋರುಗೆರೆಯನ್ನು ಪದದ ಮೊದಲಲ್ಲಿ ಇಟ್ಟು ಬಾಣದ ಕೀಲಿಯಿಂದ ಒಂದೊಂದೇ ಹೆಜ್ಜೆ ಮುಂದಕ್ಕೆ ಸರಿಸಬೇಕು. ಸರಿಯಾದ ‘ವಾರ್ಷಿಕ’ದಲ್ಲಿ ಅದು ಸಾಮಾನ್ಯವಾಗಿ ವಾ, ರ್ಷಿ, ಕ ಎಂದು ಮೂರು ಹೆಜ್ಜೆಯಲ್ಲಿ ದಾಟುತ್ತದೆ. ತಪ್ಪಾಗಿದ್ದರೆ ಷಿ ಬೇರೆ, ರ್ಕ ಬೇರೆಯಾಗಿ ನಿಲ್ಲುತ್ತವೆ. ತಿದ್ದುವಾಗ ನಡುವೆ ಒಂದು ತುಂಡನ್ನು ಅಳಿಸಿ ಒಂದನ್ನು ತುರುಕುವ ಪ್ರಯತ್ನ ಬೇಡ. ಅಳಿಸುವ ಕೀಲಿ ಒತ್ತಿದಾಗ ಅನೇಕ ಕಡೆ ಇಡೀ ಅಕ್ಷರ ಹೋಗದೆ ಕೊನೆಯ ತುಂಡು ಮಾತ್ರ ಹೋಗುತ್ತದೆ, ಹಲಂತ ಉಳಿದುಕೊಂಡು ಮುಂದಿನ ಅಕ್ಷರವನ್ನು ಕೆಳಗೆ ಎಳೆದುಕೊಳ್ಳುತ್ತದೆ. ಪದವನ್ನು ಪೂರ್ತಿ ಅಳಿಸಿ ಹೊಸದಾಗಿ ಬರೆಯುವುದೇ ಸುರಕ್ಷಿತ.

ಇಲ್ಲಿ ಇನ್ನೊಂದು ಮಾತು. ‘ಕಾರ್ಯ’, ‘ಸೂರ್ಯ’ ಎಂಬ ಪದಗಳನ್ನು ಕೆಲವರು ಅರ್ಕಾವತ್ತು ಬಳಸದೆ, ಪೂರ್ಣ ರ ಅಕ್ಷರದ ಕೆಳಗೆ ಯಕಾರದ ಒತ್ತು ಕೊಟ್ಟು ಬರೆಯುತ್ತಾರೆ. ಎರಡೂ ರೂಢಿಯಲ್ಲಿವೆ, ತಿದ್ದುವ ಅಗತ್ಯವಿಲ್ಲ. ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬಾರದು ಅಷ್ಟೆ, ಏಕೆಂದರೆ ಒಳಗೆ ಅವುಗಳ ಜೋಡಣೆ ಬೇರೆಯಾಗಿದ್ದು, ಒಂದು ರೂಪವನ್ನು ಹುಡುಕಿದರೆ ಇನ್ನೊಂದು ಸಿಗದೆ ಹೋಗಬಹುದು.

ಮೂರನೆಯ ಸುತ್ತು: ಹಿಂದಿನಿಂದ ಮುಂದಕ್ಕೆ, ಒತ್ತುಗಳು ಮಾತ್ರ

ಅರ್ಥ ಹಿಡಿದು ಓದುವಾಗ ಕಣ್ಣು ಅಕ್ಷರವನ್ನು ನೋಡುವುದಿಲ್ಲ, ಮನಸ್ಸಿನಲ್ಲಿರುವ ಪದವನ್ನು ನೋಡುತ್ತದೆ. ಬರೆದವರೇ ಓದಿದಾಗಂತೂ ಇದು ಇನ್ನೂ ಹೆಚ್ಚು. ಆದ್ದರಿಂದ ಈ ಸುತ್ತಿನಲ್ಲಿ ಕೊನೆಯ ಪದದಿಂದ ಆರಂಭಿಸಿ ಮೊದಲ ಪದದ ಕಡೆಗೆ ಬರಬೇಕು. ಪಡೆಯಬೇಕು, ರಸೀದಿ, ಕೊತ್ತು. ಇಲ್ಲಿ ನಿಲ್ಲುತ್ತೇವೆ, ಏಕೆಂದರೆ ಅಕ್ಕಪಕ್ಕದ ಆಸರೆ ತಪ್ಪಿದ ‘ಕೊತ್ತು’ವಿಗೆ ಈ ಸೂಚನೆಯಲ್ಲಿ ಯಾವ ಕೆಲಸವೂ ಇಲ್ಲ. ಬೇಕಾದದ್ದು ‘ಕೊಟ್ಟು’. ಹಾಗೆಯೇ ಹಿಂದಕ್ಕೆ ಬಂದರೆ ‘ಬಣ್ಣದ’ ಸರಿಯಾಗಿದೆ, ‘ಸಂಖ್ಯೆಯನ್ನು’ ಸರಿಯಾಗಿದೆ. ‘ಮಗದ’ ಎಂಬಲ್ಲಿ ಮತ್ತೆ ನಿಲ್ಲಬೇಕು. ಮಗ ಎಂಬ ಪದಕ್ಕೆ ಷಷ್ಠಿ ‘ಮಗನ’ ಆಗುತ್ತದೆಯೇ ಹೊರತು ‘ಮಗದ’ ಆಗುವುದಿಲ್ಲ. ಇದು ಒತ್ತು ಕಳೆದುಕೊಂಡ ‘ಮಗ್ಗದ’. `g` ಒಂದೇ ಸಲ ಒತ್ತಿದ್ದರಿಂದ ಹೀಗಾಗಿದೆ, ನೇಕಾರರ ಸೂಚನೆಯಲ್ಲಿ ಮಗ್ಗವೇ ಕಾಣೆಯಾಗಿದೆ. ಇಲ್ಲದ ಒತ್ತನ್ನು ಕಂಡುಹಿಡಿಯುವುದು ತಪ್ಪು ಒತ್ತನ್ನು ಕಂಡುಹಿಡಿಯುವುದಕ್ಕಿಂತ ಕಷ್ಟ. ಹಾಗಾಗಿ ಈ ಸುತ್ತಿನಲ್ಲಿ ಪದವನ್ನು ಬಾಯಿಬಿಟ್ಟು ಹೇಳಿ, ಬಾಯಲ್ಲಿ ಒತ್ತಿದ ಕಡೆ ಬರಹದಲ್ಲಿ ಒತ್ತು ಇದೆಯೇ ಎಂದು ತಾಳೆ ನೋಡಬೇಕು.

‘ಹಲ್ಲಿಗಳಿಂದ’ ಎಂಬ ಪದ ಒಂಟಿಯಾಗಿ ನಿಂತಾಗ ತಾನೇ ಎದ್ದು ಕಾಣುತ್ತದೆ. ಇದು ಕೇವಲ ಅಕ್ಷರದ ಸಮಸ್ಯೆಯಾಗಿ ಉಳಿಯುವುದಿಲ್ಲ ಎಂಬುದನ್ನು ಗಮನಿಸಬೇಕು. ಹಳ್ಳಿಯಿಂದ ಬರುವ ಸದಸ್ಯರು ಇದನ್ನು ಓದಿದರೆ ಅಪಮಾನ ಎಂದು ತಿಳಿಯಬಹುದು, ಯಾರೋ ಅದರ ಚಿತ್ರ ತೆಗೆದು ಬೇರೆ ಗುಂಪುಗಳಿಗೆ ದಾಟಿಸಬಹುದು.

ಮಹಾಪ್ರಾಣಕ್ಕೆ ಬಾಯಿಯನ್ನು ನಂಬುವಂತಿಲ್ಲ, ಏಕೆಂದರೆ ತಪ್ಪು ಹುಟ್ಟಿದ್ದೇ ಬಾಯಿಯಿಂದ. ಅಲ್ಲಿ ಪದದ ಮೂಲವನ್ನು ನೆನೆಯಬೇಕು. ‘ಅಧ್ಯಕ್ಷ’ದಲ್ಲಿರುವುದು ‘ಅಧಿ’ ಎಂಬ ಉಪಸರ್ಗ, ಅಧಿಕಾರಿ, ಅಧಿವೇಶನಗಳಲ್ಲಿರುವುದೇ. ಅಧಿಕಾರಿಯಲ್ಲಿ ಧ ಇದ್ದರೆ ಅಧ್ಯಕ್ಷರಲ್ಲಿಯೂ ಧ ಇರಬೇಕು. ‘ಉಪಸ್ಥಿತಿ’ಯಲ್ಲಿ ಸ್ಥಿತಿ ಇದೆ. ಸ್ಥಾನ, ಸಂಸ್ಥೆ, ವ್ಯವಸ್ಥೆ ಇವೆಲ್ಲ ಒಂದೇ ಬೇರಿನವು, ಎಲ್ಲದರಲ್ಲಿಯೂ ಥ ಒತ್ತು. ಇಮ್ಮಡಿಯಾದ ಒತ್ತಿಗೆ ಇನ್ನೂ ಸುಲಭವಾದ ನಿಯಮವಿದೆ. ಸಂಸ್ಕೃತ ಪದಗಳಲ್ಲಿ ಮಹಾಪ್ರಾಣ ಇಮ್ಮಡಿಸಿದರೆ ಮೇಲಿನದು ಅಲ್ಪಪ್ರಾಣವಾಗಿ, ಕೆಳಗಿನದು ಮಹಾಪ್ರಾಣವಾಗಿ ನಿಲ್ಲುತ್ತದೆ: ಶುದ್ಧ, ಬುದ್ಧಿ, ಯುದ್ಧ, ಶ್ರದ್ಧೆ, ಸ್ವಚ್ಛ, ಇಚ್ಛೆ. ಇದನ್ನು ತಿಳಿದವರಿಗೆ ಶ್ರದ್ಧಾಂಜಲಿಯಲ್ಲಿ ಎಲ್ಲಿ ನೋಡಬೇಕು ಎಂಬುದು ಗೊತ್ತಿರುತ್ತದೆ. ಆದರೆ ಬಿದ್ದ, ಎದ್ದ, ಮುದ್ದು, ಹೆಚ್ಚು ಎಂಬ ಅಚ್ಚಗನ್ನಡ ಪದಗಳಿಗೆ ಈ ನಿಯಮವನ್ನು ಹಚ್ಚಬಾರದು. ‘ಬಿದ್ಧ’ ಎಂದು ಬರೆಯುವುದು ಅತಿ ಎಚ್ಚರಿಕೆಯಿಂದ ಹುಟ್ಟಿದ ತಪ್ಪು, ಅದೂ ಕಡಿಮೆಯೇನಿಲ್ಲ.

ಕೊನೆಯ ಸುತ್ತು: ಹಲಂತದ ಮುಂದಿನ ಪ್ರತ್ಯಯ

ಉಳಿದಿರುವುದು ‘ಆಫೀಸ್ನಲ್ಲಿ’. ಕಂಪ್ಯೂಟರಿನಲ್ಲಿ ಬರಹ ದೊಡ್ಡದಿದ್ದರೆ ಹುಡುಕುವ ಪೆಟ್ಟಿಗೆಯಲ್ಲಿ `್ನಲ್ಲಿ` ಎಂದು ಹಲಂತದಿಂದ ಆರಂಭಿಸಿ ಬರೆದು ಹುಡುಕಬಹುದು. ಇಂಥವು ಬಹುಪಾಲು ಒಟ್ಟಿಗೆ ಸಿಗುತ್ತವೆ. ವರ್ಡ್ ತಂತ್ರಾಂಶದಲ್ಲಿ ತೋರುಗೆರೆಯನ್ನು ‘ಆಫೀಸ್’ ಆದ ಕೂಡಲೇ ನಿಲ್ಲಿಸಿ `200C` ಎಂದು ಬರೆದು `Alt+X` ಒತ್ತಿದರೆ ಕಾಣದ ಚಿಹ್ನೆ ಸೇರುತ್ತದೆ. ಆಮೇಲೆ ‘ನಲ್ಲಿ’ ಬರೆದರೆ ಅದು ಕೆಳಗಿಳಿಯುವುದಿಲ್ಲ. ಆದರೆ ಈ ಚಿಹ್ನೆ ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ದಾಟುವಾಗ ಕೆಲವೊಮ್ಮೆ ಕಳೆದುಹೋಗುತ್ತದೆ, ಕಳೆದದ್ದು ಕಳುಹಿಸಿದವರಿಗೆ ತಿಳಿಯುವುದೂ ಇಲ್ಲ. ಆದ್ದರಿಂದ ಮೊಬೈಲ್ ಸಂದೇಶಕ್ಕೆ ನಾನು ಹೆಚ್ಚು ಮೆಚ್ಚುವುದು ಕನ್ನಡದ ಹಳೆಯ ದಾರಿಯನ್ನೇ: ಪದವನ್ನು ಸ್ವರಾಂತ ಮಾಡಿಕೊಂಡು ‘ಆಫೀಸಿನಲ್ಲಿ’, ‘ಬ್ಯಾಂಕಿನಲ್ಲಿ’, ‘ಬಸ್ಸಿನಲ್ಲಿ’ ಎಂದು ಬರೆಯುವುದು. ಅಲ್ಲಿ ಕಾಣದ ಚಿಹ್ನೆಯ ಹಂಗಿಲ್ಲ, ಓದುವುದಕ್ಕೂ ಸಹಜ.

ನಾಲ್ಕು ಸುತ್ತು ಮುಗಿದ ಮೇಲೆ ಒಮ್ಮೆ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು. ಅಣ್ಣ ಇರಬೇಕಾದಲ್ಲಿ ಅನ್ನ, ಗೃಹ ಇರಬೇಕಾದಲ್ಲಿ ಗ್ರಹ ಇದ್ದರೆ ಒಂಟಿ ಪದವಾಗಿ ಅದು ಸರಿಯೆಂದೇ ತೋರುತ್ತದೆ, ವಾಕ್ಯದಲ್ಲಿ ಮಾತ್ರ ಸಿಕ್ಕಿಬೀಳುತ್ತದೆ. ತಿದ್ದಿದ ಸೂಚನೆ ಹೀಗಾಗುತ್ತದೆ:

“ಬನಹಟ್ಟಿಯ ನೇಕಾರರ ಸಂಘದ ವಾರ್ಷಿಕ ಸಭೆಯು ಅಧ್ಯಕ್ಷರ ಉಪಸ್ಥಿತಿಯಲ್ಲಿ ರವಿವಾರ ಮುಂಜಾನೆ ಹತ್ತು ಗಂಟೆಗೆ ಸಂಘದ ಆಫೀಸಿನಲ್ಲಿ ಜರುಗುವುದು. ರಾಮದುರ್ಗ ಮತ್ತು ಜಮಖಂಡಿ ಕಡೆಯ ಹಳ್ಳಿಗಳಿಂದ ಬರುವ ಸದಸ್ಯರು ತಮ್ಮ ಮಗ್ಗದ ಸಂಖ್ಯೆಯನ್ನು ಬರೆದು ತರಬೇಕು. ಬಣ್ಣದ ನೂಲಿನ ಬಾಕಿಯನ್ನು ಅಂದೇ ಕೊಟ್ಟು ರಸೀದಿ ಪಡೆಯಬೇಕು.”

ಕೀಲಿಮಣೆಯನ್ನು ಹದಕ್ಕೆ ತರುವುದು

ತಾನಾಗಿ ತಿದ್ದುವ ಸೌಲಭ್ಯವನ್ನು ಕನ್ನಡಕ್ಕೆ ಸಂಬಂಧಿಸಿದಂತೆ ನಿಲ್ಲಿಸುವುದು ಒಳ್ಳೆಯದು. ಕೀಲಿಮಣೆಯ ವ್ಯವಸ್ಥೆಯಲ್ಲಿ `Auto-correction` ಎಂಬ ಹೆಸರಿನಲ್ಲಿ ಅದು ಸಿಗುತ್ತದೆ. ಸಲಹೆಯ ಪಟ್ಟಿ ಇರಲಿ, ಆರಿಸುವ ಅಧಿಕಾರ ಮಾತ್ರ ನಮ್ಮ ಕೈಯಲ್ಲಿರಲಿ. ಕನ್ನಡದ ಒಂದು ನಾಮಪದಕ್ಕೆ ವಿಭಕ್ತಿ, ಬಹುವಚನ, ಅವಧಾರಣೆಗಳೆಲ್ಲ ಸೇರಿ ಬರುವ ರೂಪಗಳು ಅಸಂಖ್ಯ. ‘ನೇಕಾರರಿಗಾಗಿಯೇ’ ಎಂಬಂಥ ರೂಪ ಸಂಗ್ರಹದಲ್ಲಿ ಇಲ್ಲದಿದ್ದರೆ ಕೀಲಿಮಣೆ ಅದನ್ನು ತಪ್ಪೆಂದು ತಿಳಿದು ಹತ್ತಿರದ ಬೇರೆ ಪದಕ್ಕೆ ಬದಲಿಸಬಹುದು. ‘ಬರ್ರಿ’, ‘ಹೋಗ್ರಿ’, ‘ಮಾಡ್ರಿ’ ಎಂಬ ನಮ್ಮ ಕಡೆಯ ರೂಪಗಳಿಗೂ ಇದೇ ಗತಿ.

ಪದೇ ಪದೇ ಬರೆಯಬೇಕಾದ ಹೆಸರುಗಳನ್ನು ವೈಯಕ್ತಿಕ ನಿಘಂಟಿಗೆ ಸೇರಿಸಿಡಬೇಕು. ಜಿಬೋರ್ಡ್‌ನಲ್ಲಿ ಅದು `Personal dictionary` ಎಂಬ ಹೆಸರಿನಲ್ಲಿದ್ದು, ಪದದ ಜೊತೆಗೆ ಒಂದು ಸಂಕ್ಷೇಪವನ್ನೂ ಕೊಡಬಹುದು. ಗುಳೇದಗುಡ್ಡ, ಪಟ್ಟದಕಲ್ಲು, ಚನ್ನಮ್ಮನ ಕಿತ್ತೂರು, ಬನಹಟ್ಟಿ ಇಂಥವನ್ನು ಒಮ್ಮೆ ನಿಧಾನವಾಗಿ ಸರಿಯಾಗಿ ಬರೆದು ಸೇರಿಸಿದರೆ ಮುಂದೆ ಊಹೆಗೆ ಅವಕಾಶ ಕಡಿಮೆ. ಇದರ ಎದುರು ಬದಿಯೂ ಒಂದಿದೆ. ಒಮ್ಮೆ ತಪ್ಪಾಗಿ ಬರೆದು ಕಳುಹಿಸಿದ ರೂಪವನ್ನು ಕೀಲಿಮಣೆ ಕಲಿತು ಮತ್ತೆ ಮತ್ತೆ ಮುಂದಿಡುತ್ತದೆ. ಜಿಬೋರ್ಡ್‌ನಲ್ಲಿ ಆ ಸಲಹೆಯ ಮೇಲೆ ಬೆರಳನ್ನು ಒತ್ತಿ ಹಿಡಿದು ಕಸದ ಬುಟ್ಟಿಯ ಚಿತ್ರದತ್ತ ಎಳೆದರೆ ಅದು ಅಳಿಯುತ್ತದೆ.

ಫ್ಲೆಕ್ಸ್ ಅಥವಾ ಪತ್ರಿಕೆ ಮುದ್ರಿಸುವ ಅಂಗಡಿಗೆ ಬರಹ ಕಳುಹಿಸುವವರಿಗೆ ಒಂದು ಸೂಚನೆ. ಮೊಬೈಲಿನಲ್ಲಿ ಸರಿಯಾಗಿದ್ದ ಬರಹ ಅಲ್ಲಿಯ ವಿನ್ಯಾಸದ ತಂತ್ರಾಂಶದಲ್ಲಿ ಒತ್ತುಗಳೆಲ್ಲ ಕೆಳಗಿಳಿಯದೆ, ಹಲಂತ ಬಿಡಿಬಿಡಿಯಾಗಿ ನಿಂತಂತೆ ಕಂಡರೆ ಅದು ಬರೆದವರ ತಪ್ಪಲ್ಲ. ಆ ತಂತ್ರಾಂಶ ಭಾರತೀಯ ಲಿಪಿಗಳನ್ನು ಜೋಡಿಸುವ ವ್ಯವಸ್ಥೆಯನ್ನು ಬಳಸುತ್ತಿಲ್ಲ ಎಂದರ್ಥ. ಎಲ್ಲ ಒತ್ತುಗಳೂ ಒಂದೇ ರೀತಿ ಒಡೆದಿರುವುದೇ ಅದರ ಗುರುತು. ಬರಹದ ತಪ್ಪಾಗಿದ್ದರೆ ಕೆಲವು ಪದಗಳು ಮಾತ್ರ ಕೆಟ್ಟಿರುತ್ತವೆ. ಹೀಗಾದಾಗ ಮೂಲ ಬರಹವನ್ನು ಅದಲುಬದಲು ಮಾಡಲು ಹೋಗದೆ, ತಂತ್ರಾಂಶದ ವ್ಯವಸ್ಥೆಯನ್ನು ಬದಲಿಸುವಂತೆ ಅಂಗಡಿಯವರಿಗೆ ಹೇಳಬೇಕು. ಬರಹದ ಜೊತೆಗೆ ಅದರ ಚಿತ್ರವನ್ನೋ ಪಿಡಿಎಫ್ ಪ್ರತಿಯನ್ನೋ ಕಳುಹಿಸಿದರೆ, ಅವರು ತಮ್ಮ ಅಕ್ಷರಶೈಲಿಗೆ ಪರಿವರ್ತಿಸಿದ ಮೇಲೆ ಅರ್ಕಾವತ್ತುಗಳನ್ನು ಅದರೊಂದಿಗೆ ತಾಳೆ ನೋಡಬಹುದು. ಮುದ್ರಣಕ್ಕೆ ಮುನ್ನ ಅವರು ಕಳುಹಿಸುವ ಕರಡನ್ನು ಹೆಸರು, ಅರ್ಕಾವತ್ತು, ಒತ್ತು, ಪ್ರತ್ಯಯ ಎಂಬ ಇದೇ ಕ್ರಮದಲ್ಲಿ ಮತ್ತೊಮ್ಮೆ ನೋಡಲೇಬೇಕು, ಏಕೆಂದರೆ ಪರಿವರ್ತನೆಯಲ್ಲಿ ಹುಟ್ಟಿದ ತಪ್ಪು ನಾವು ಕಳುಹಿಸಿದ ಪ್ರತಿಯಲ್ಲಿ ಇರಲೇ ಇಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ಹೋದ ಸಂದೇಶವನ್ನು ತಿದ್ದಲು ಹದಿನೈದು ನಿಮಿಷಗಳ ಅವಕಾಶವಿದೆ. ಆ ಅವಧಿಯಲ್ಲಿ ಬೇರೆಯವರು ಅದನ್ನು ಇನ್ನೊಂದು ಗುಂಪಿಗೆ ದಾಟಿಸಿದ್ದರೆ ಅಲ್ಲಿಯ ಪ್ರತಿ ಹಳೆಯದಾಗಿಯೇ ಉಳಿಯುತ್ತದೆ. ಅಂಥ ಸಂದರ್ಭದಲ್ಲಿ ತಿದ್ದಿದ ಪೂರ್ಣ ಸೂಚನೆಯನ್ನು, ಮೇಲ್ಗಡೆ ‘ಪರಿಷ್ಕೃತ’ ಎಂದು ಬರೆದು, ಆ ಗುಂಪಿಗೂ ಹೊಸದಾಗಿ ಕಳುಹಿಸಬೇಕಾಗುತ್ತದೆ.